ಓವರ್‌ಡ್ರಾಫ್ಟ್ ಖಾತೆಯ ಸ್ಟೇಟ್‌ಮೆಂಟ್: ಮಿತಿ, ದಿನವಾರು ಬಡ್ಡಿ ಮತ್ತು ಮಿತಿಮೀರಿದ ಡ್ರಾಯಲ್

ಓವರ್‌ಡ್ರಾಫ್ಟ್ ಎಂದರೆ ಖಾತೆಯಲ್ಲಿ ಸ್ವಂತ ಹಣ ಇಲ್ಲದಿದ್ದರೂ, ಮೊದಲೇ ಒಪ್ಪಿದ ಮಿತಿಯವರೆಗೆ ಹಣ ತೆಗೆಯಲು ಬ್ಯಾಂಕು ಕೊಡುವ ಸಾಲದ ಸೌಲಭ್ಯ. 1728ರಲ್ಲಿ ಎಡಿನ್‌ಬರೋದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲ್ಯಾಂಡ್, ವಿಲಿಯಂ ಹಾಗ್ ಎಂಬ ವರ್ತಕನಿಗೆ ಅವನ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡು ಹೆಚ್ಚು ತೆಗೆಯಲು ಅನುಮತಿ ಕೊಟ್ಟಿದ್ದನ್ನು ಇದರ ಆರಂಭವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಭಾರತದಲ್ಲಿ ಠೇವಣಿ, ಮನೆ, ನಿವೇಶನಗಳ ಆಧಾರದ ಮೇಲೆ ಕೊಡುವುದನ್ನು ಓ.ಡಿ. ಎಂದೂ, ಅಂಗಡಿಯ ದಾಸ್ತಾನು ಮತ್ತು ಗಿರಾಕಿಗಳಿಂದ ಬರಬೇಕಾದ ಬಾಕಿಯ ಆಧಾರದ ಮೇಲೆ ಕೊಡುವುದನ್ನು ಕ್ಯಾಶ್ ಕ್ರೆಡಿಟ್ ಅಥವಾ ಸಿ.ಸಿ. ಎಂದೂ ಕರೆಯುವುದು ವಾಡಿಕೆ. ಎರಡೂ ಖಾತೆಗಳ ಸ್ಟೇಟ್‌ಮೆಂಟನ್ನು ಓದುವ ಕ್ರಮ ಒಂದೇ. ದಾಸ್ತಾನಿನ ಮೇಲಿನ ಖಾತೆಯಲ್ಲಿ ಮಿತಿಯೇ ತಿಂಗಳು ತಿಂಗಳಿಗೆ ಬದಲಾಗುವುದರಿಂದ ಪರಿಶೀಲನೆಯ ತೊಡಕುಗಳು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಅದಕ್ಕೇ ಈ ಲೇಖನದ ಉದಾಹರಣೆ ಅಂಥದೊಂದು ಖಾತೆಯದು.

ಕಂತಿನ ಸಾಲದಲ್ಲಿ ಪ್ರತಿ ತಿಂಗಳು ಕಟ್ಟಬೇಕಾದ್ದು ಮೊದಲೇ ಗೊತ್ತಿರುತ್ತದೆ. ಓ.ಡಿ. ಖಾತೆಯಲ್ಲಿ ಬಾಕಿ ದಿನವೂ ಏರಿಳಿಯುವುದರಿಂದ ಬಡ್ಡಿ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಬ್ಯಾಂಕು ಹಾಕಿದ ಬಡ್ಡಿ ಸರಿಯೇ ಎಂದು ತಿಳಿಯಲು ಸ್ಟೇಟ್‌ಮೆಂಟ್ ಒಂದೇ ದಾರಿ. ಆದರೆ ಆ ಲೆಕ್ಕಕ್ಕೆ ತೀರಾ ಬೇಕಾದ ಎರಡು ಸಂಗತಿಗಳನ್ನು ಸ್ಟೇಟ್‌ಮೆಂಟ್ ಸಾಮಾನ್ಯವಾಗಿ ಅಚ್ಚು ಹಾಕುವುದಿಲ್ಲ: ಆಯಾ ದಿನ ಜಾರಿಯಲ್ಲಿದ್ದ ಮಿತಿ, ಮತ್ತು ಬಡ್ಡಿಗೆ ಲೆಕ್ಕವಾಗುವ ದಿನದ ಕೊನೆಯ ಬಾಕಿ. ಇವೆರಡನ್ನೂ ಓದುವವರೇ ಕಟ್ಟಿಕೊಳ್ಳಬೇಕು. ಹೆಚ್ಚಿನ ತಕರಾರುಗಳು ಹುಟ್ಟುವುದೂ ಇಲ್ಲಿಂದಲೇ.

ಮಂಜೂರಾದ ಮಿತಿ ಮತ್ತು ಡ್ರಾಯಿಂಗ್ ಪವರ್

ಸ್ಟೇಟ್‌ಮೆಂಟಿನ ತಲೆಭಾಗದಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು ಮಂಜೂರಾತಿ ಪತ್ರದಲ್ಲಿ ಬರೆದ ಮಿತಿ. ಇನ್ನೊಂದು ಡ್ರಾಯಿಂಗ್ ಪವರ್, ಬ್ಯಾಂಕಿನವರ ಬಾಯಲ್ಲಿ ಡಿ.ಪಿ. ಮಿತಿ ವರ್ಷಕ್ಕೊಮ್ಮೆ ನವೀಕರಣದಲ್ಲಿ ಬದಲಾಗುತ್ತದೆ. ಡಿ.ಪಿ. ಮಾತ್ರ ವ್ಯಾಪಾರಿ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಜೊತೆಗೇ ಏರಿಳಿಯುತ್ತದೆ. ತೆಗೆಯಲು ಸಿಗುವುದು ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಹತ್ತು ಲಕ್ಷ ಮಂಜೂರಾಗಿದೆ ಎಂದ ಮಾತ್ರಕ್ಕೆ ಪ್ರತಿದಿನವೂ ಹತ್ತು ಲಕ್ಷ ತೆಗೆಯಬಹುದು ಎಂದಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಮಾರುವ ಒಬ್ಬ ವ್ಯಾಪಾರಿಯ ಖಾತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಕಿಗಳು ಲೆಕ್ಕ ತೋರಿಸಲು ಹೊಂದಿಸಿದವು. ಮಂಜೂರಾದ ಮಿತಿ 10,00,000 ರೂಪಾಯಿ. ಮೇ ಕೊನೆಯಲ್ಲಿ ಅವನ ಬಳಿ 14,00,000 ರೂಪಾಯಿಯ ಮಾಲಿದೆ. ಅದರಲ್ಲಿ 2,40,000 ರೂಪಾಯಿಯ ಮಾಲು ಉದ್ದರಿ ತಂದದ್ದು, ಅದರ ಹಣ ಇನ್ನೂ ಕೊಟ್ಟಿಲ್ಲ. ಹಣ ಕೊಡದ ಮಾಲನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಉಳಿಯುವುದು 11,60,000. ಇದರಲ್ಲಿ ಶೇ. 25 ಮಾರ್ಜಿನ್, ಅಂದರೆ ವ್ಯಾಪಾರಿಯೇ ಹಾಕಬೇಕಾದ ಪಾಲು, ಕಳೆದರೆ 8,70,000. ಗಿರಾಕಿಗಳಿಂದ ಬರಬೇಕಾದ್ದು 2,00,000, ಆದರೆ ಅದರಲ್ಲಿ 50,000 ರೂಪಾಯಿಯ ಬಿಲ್ಲು 90 ದಿನ ದಾಟಿದೆ. ಈ ಖಾತೆಯ ಮಂಜೂರಾತಿ ಪತ್ರದ ಪ್ರಕಾರ ಅಷ್ಟು ಹಳೆಯ ಬಾಕಿ ಲೆಕ್ಕಕ್ಕಿಲ್ಲ. ಉಳಿದ 1,50,000ದಲ್ಲಿ ಶೇ. 40 ಮಾರ್ಜಿನ್ ಕಳೆದರೆ 90,000. ಒಟ್ಟು ಡಿ.ಪಿ. 9,60,000 ರೂಪಾಯಿ. ಮಂಜೂರಾದ ಮಿತಿಗಿಂತ ಇದು ಕಡಿಮೆ, ಹಾಗಾಗಿ ಮಿತಿ ಇದೇ.

ಮಾರ್ಜಿನ್ ಎಷ್ಟು, ಎಷ್ಟು ದಿನದ ಬಾಕಿ ಲೆಕ್ಕಕ್ಕೆ ಬರುತ್ತದೆ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ, ಖಾತೆಯಿಂದ ಖಾತೆಗೆ ಬೇರೆ. ಮಂಜೂರಾತಿ ಪತ್ರವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಸ್ಟೇಟ್‌ಮೆಂಟ್ ಓದಲು ಕೂರುವುದು ವ್ಯರ್ಥ. ಠೇವಣಿ ಮೇಲಿನ ಓ.ಡಿ.ಯಲ್ಲಿ ಈ ಲೆಕ್ಕ ಸರಳ, ಠೇವಣಿ ಮೊತ್ತದ ಒಂದು ಪಾಲೇ ಡಿ.ಪಿ. ತಿಂಗಳು ತಿಂಗಳೂ ಮಿತಿ ಇಳಿಯುತ್ತ ಹೋಗುವ ಬಗೆಯ ಓ.ಡಿ.ಯಲ್ಲಿ ಇಳಿಕೆಯ ಪಟ್ಟಿ ಮಂಜೂರಾತಿ ಪತ್ರದಲ್ಲೇ ಇರುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ತಲೆಭಾಗದಲ್ಲಿ ಅಚ್ಚಾಗುವ ಡಿ.ಪಿ. ಸ್ಟೇಟ್‌ಮೆಂಟ್ ತೆಗೆದ ದಿನದ್ದು. ನಮ್ಮ ವ್ಯಾಪಾರಿ ಮೇ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟನ್ನು ಜೂನ್ 7ರಂದು ಶಾಖೆಗೆ ಕೊಟ್ಟ. ಬ್ಯಾಂಕಿನವರು ಅದನ್ನು ಕಂಪ್ಯೂಟರಿಗೆ ಏರಿಸಿದ್ದು ಜೂನ್ 12ಕ್ಕೆ. ಅಲ್ಲಿಯವರೆಗೆ ಜಾರಿಯಲ್ಲಿದ್ದದ್ದು ಏಪ್ರಿಲ್ ದಾಸ್ತಾನಿನ ಮೇಲೆ ಕಟ್ಟಿದ 8,40,000ದ ಹಳೆಯ ಡಿ.ಪಿ. ಜೂನ್ 30ರಂದು ತೆಗೆದ ಸ್ಟೇಟ್‌ಮೆಂಟಿನ ತಲೆಯಲ್ಲಿ 9,60,000 ಮಾತ್ರ ಕಾಣುತ್ತದೆ. ತಿಂಗಳ ಮೊದಲ ಹನ್ನೊಂದು ದಿನ ಬೇರೊಂದು ಮಿತಿ ಇತ್ತು ಎಂಬುದರ ಸುಳಿವೂ ಅದರಲ್ಲಿರುವುದಿಲ್ಲ. ಯಾವ ದಿನದಿಂದ ಯಾವ ಡಿ.ಪಿ. ಎಂಬ ಪಟ್ಟಿ ಬ್ಯಾಂಕಿನ ಕಂಪ್ಯೂಟರಿನಲ್ಲಿರುತ್ತದೆ. ಶಾಖೆಯಲ್ಲಿ ಕೇಳಿ ಪಡೆಯಬೇಕಾದ ಮೊದಲ ಕಾಗದ ಅದು.

ಬಡ್ಡಿ: ದಿನದ ಕೊನೆಯ ಬಾಕಿ

ಬಡ್ಡಿಯನ್ನು ಪ್ರತಿದಿನದ ಕೊನೆಯಲ್ಲಿ ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿ, ತಿಂಗಳ ಕೊನೆಗೆ ಒಟ್ಟಾಗಿ ಖಾತೆಗೆ ಖರ್ಚು ಹಾಕುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2002ರ ಏಪ್ರಿಲ್ 1ರಿಂದ ಬ್ಯಾಂಕುಗಳು ತಿಂಗಳಿಗೊಮ್ಮೆ ಬಡ್ಡಿ ಹಾಕುವ ಪದ್ಧತಿಗೆ ಬಂದವು. ಕೃಷಿ ಸಾಲಗಳು ಇದಕ್ಕೆ ಹೊರತು. ಪ್ರತಿದಿನದ ಬಾಕಿಯನ್ನೂ ಕೂಡಿ ಬರುವ ಮೊತ್ತವನ್ನು ಬ್ಯಾಂಕಿನವರು ಪ್ರಾಡಕ್ಟ್ ಎನ್ನುತ್ತಾರೆ. ಒಂದೇ ಬಾಕಿ ಹಲವು ದಿನ ನಿಂತಿದ್ದರೆ ಬಾಕಿಯನ್ನು ದಿನಗಳಿಂದ ಗುಣಿಸಿದರೆ ಸಾಕು. ಒಟ್ಟು ಪ್ರಾಡಕ್ಟನ್ನು ಬಡ್ಡಿ ದರದಿಂದ ಗುಣಿಸಿ 36,500ರಿಂದ ಭಾಗಿಸಿದರೆ ಆ ತಿಂಗಳ ಬಡ್ಡಿ.

ನಮ್ಮ ವ್ಯಾಪಾರಿಯ ಬಡ್ಡಿ ದರ ವರ್ಷಕ್ಕೆ ಶೇ. 10.95 ಎಂದಿಟ್ಟುಕೊಂಡರೆ ಒಂದು ಲಕ್ಷಕ್ಕೆ ಒಂದು ದಿನಕ್ಕೆ ಸರಿಯಾಗಿ 30 ರೂಪಾಯಿ ಬಡ್ಡಿ. ಪ್ರತಿಯೊಬ್ಬ ಖಾತೆದಾರರೂ ತಮ್ಮ ದರಕ್ಕೆ ಈ ‘ಲಕ್ಷಕ್ಕೆ ದಿನಕ್ಕೆ ಎಷ್ಟು’ ಎಂಬ ಅಂಕಿಯನ್ನು ತಿಳಿದಿರಬೇಕು. ಅದರ ಉಪಯೋಗ ಮುಂದೆ ಕಾಣುತ್ತದೆ.

ಜೂನ್ 1ಕ್ಕೆ ಹಿಂದಿನ ಬಾಕಿ 7,00,000. ಸ್ಟೇಟ್‌ಮೆಂಟಿನಲ್ಲಿ ಇದರ ಮುಂದೆ `Dr` ಎಂದಿರುತ್ತದೆ, ಅಂದರೆ ಬ್ಯಾಂಕಿಗೆ ಕೊಡಬೇಕಾದ್ದು. ಜೂನ್ 4ರಂದು ಒಂದು ಲಕ್ಷದ ಚೆಕ್ ಜಮೆಯಾಗಿದೆ. ಜೂನ್ 10ಕ್ಕೆ 3,10,000 ರೂಪಾಯಿ ಆರ್‌ಟಿಜಿಎಸ್ ಮೂಲಕ ಹೋಗಿದೆ. ಜೂನ್ 16ರಂದು ಮೊದಲು 1,20,000ದ ಚೆಕ್ ಪಾಸಾಗಿದೆ, ಅದೇ ದಿನ ಆಮೇಲೆ 90,000 ಜಮೆ ಬಂದಿದೆ. ಜೂನ್ 20ಕ್ಕೆ ಜಿಎಸ್‌ಟಿ ಕಟ್ಟಲು 60,000 ತೆಗೆದಿದ್ದಾನೆ. ಜೂನ್ 24ಕ್ಕೆ ಗಿರಾಕಿಯಿಂದ 2,00,000 ಬಂದಿದೆ.

ಇದರಲ್ಲಿ ಎರಡು ಕಡೆ ಕಣ್ಣು ತಪ್ಪುತ್ತದೆ. ಜೂನ್ 4ರ ಚೆಕ್ ಆ ದಿನದ ಸಾಲಿನಲ್ಲೇ ಜಮೆಯಾಗಿ, ಬಾಕಿ 6,00,000 ಎಂದು ಅಚ್ಚಾಗಿದೆ. ಆದರೆ ಪಕ್ಕದ ವ್ಯಾಲ್ಯೂ ಡೇಟ್ ಕಾಲಮ್ಮಿನಲ್ಲಿ ಜೂನ್ 5 ಎಂದಿದೆ. ಚೆಕ್ಕಿನ ಹಣ ಬ್ಯಾಂಕಿಗೆ ನಿಜವಾಗಿ ಸಿಕ್ಕ ದಿನ ಅದು, ಬಡ್ಡಿಗೆ ಲೆಕ್ಕವಾಗುವುದೂ ಅದೇ. ಆದ್ದರಿಂದ ಜೂನ್ 4ರ ಬಾಕಿ ಬಡ್ಡಿಯ ಮಟ್ಟಿಗೆ ಇನ್ನೂ ಏಳು ಲಕ್ಷವೇ. ಇನ್ನು ಜೂನ್ 16ರಂದು ಚೆಕ್ ಪಾಸಾದ ಸಾಲಿನಲ್ಲಿ ಬಾಕಿ 10,30,000 ಎಂದು ಕಂಡರೂ ದಿನ ಮುಗಿದಾಗ ಉಳಿದದ್ದು 9,40,000. ಬಡ್ಡಿ ನಡೆಯುವುದು ಆ ಕೊನೆಯ ಅಂಕಿಯ ಮೇಲೆ. ಹೀಗೆ ತಿದ್ದಿಕೊಂಡ ತಿಂಗಳು ಈ ರೀತಿ ನಿಲ್ಲುತ್ತದೆ:

| ಜೂನ್ | ದಿನಗಳು | ದಿನದ ಕೊನೆಯ ಬಾಕಿ | ಪ್ರಾಡಕ್ಟ್ |
|---|---|---|---|
| 1–4 | 4 | 7,00,000 | 28,00,000 |
| 5–9 | 5 | 6,00,000 | 30,00,000 |
| 10–15 | 6 | 9,10,000 | 54,60,000 |
| 16–19 | 4 | 9,40,000 | 37,60,000 |
| 20–23 | 4 | 10,00,000 | 40,00,000 |
| 24–30 | 7 | 8,00,000 | 56,00,000 |
| ಒಟ್ಟು | 30 | | 2,46,20,000 |

ಒಟ್ಟನ್ನು 10.95ರಿಂದ ಗುಣಿಸಿ 36,500ರಿಂದ ಭಾಗಿಸಿದರೆ 7,386 ರೂಪಾಯಿ. ಜೂನ್ 30ರಂದು ಬ್ಯಾಂಕು ಹಾಕಿದ ಬಡ್ಡಿ ಇಷ್ಟೇ ಇದ್ದರೆ ಲೆಕ್ಕ ಸರಿ. ದಿನಗಳ ಕಾಲಮ್ಮನ್ನು ಕೂಡಿದಾಗ 30 ಬರಲೇಬೇಕು. ಬರದಿದ್ದರೆ ಮುಂದಿನ ಗುಣಾಕಾರ ಮಾಡುವ ಮೊದಲೇ ನಿಲ್ಲಬೇಕು.

ವ್ಯಾಪಾರಿ ವ್ಯಾಲ್ಯೂ ಡೇಟ್ ನೋಡದೆ, ಅಚ್ಚಾದ ಬಾಕಿಯನ್ನೇ ನಂಬಿ ಲೆಕ್ಕ ಹಾಕಿದ್ದರೆ 7,356 ಬರುತ್ತಿತ್ತು. ವ್ಯತ್ಯಾಸ ಸರಿಯಾಗಿ 30 ರೂಪಾಯಿ. ಲಕ್ಷಕ್ಕೆ ದಿನಕ್ಕೆ 30 ಎಂದು ಗೊತ್ತಿದ್ದವರಿಗೆ ಈ ವ್ಯತ್ಯಾಸವೇ ಕಾರಣವನ್ನೂ ಹೇಳಿಬಿಡುತ್ತದೆ: ಒಂದು ಲಕ್ಷದ ಯಾವುದೋ ಜಮೆ ಒಂದು ದಿನ ಹಿಂದೆ ಬಿದ್ದಿದೆ. ವ್ಯತ್ಯಾಸ 60 ಬಂದಿದ್ದರೆ ಒಂದು ಲಕ್ಷ ಎರಡು ದಿನ, ಅಥವಾ ಎರಡು ಲಕ್ಷ ಒಂದು ದಿನ. ಇಡೀ ಸ್ಟೇಟ್‌ಮೆಂಟನ್ನು ಮತ್ತೆ ಮೊದಲಿನಿಂದ ಜಾಲಾಡುವ ಬದಲು ಅಷ್ಟು ಮೊತ್ತದ ಜಮೆಯನ್ನು ಹುಡುಕಿದರೆ ಸಾಕು. ನಗದು ಕಟ್ಟಿದ್ದಕ್ಕೆ ಅಥವಾ ಆರ್‌ಟಿಜಿಎಸ್‌ನಲ್ಲಿ ಬಂದ ಹಣಕ್ಕೆ ಮರುದಿನದ ವ್ಯಾಲ್ಯೂ ಡೇಟ್ ಬಿದ್ದಿದ್ದರೆ ಅದನ್ನು ಪ್ರಶ್ನಿಸಬೇಕು. ಚೆಕ್ಕಿಗೆ ಬಿದ್ದಿದ್ದರೆ ಮೊದಲು ಅದು ಯಾವಾಗ ಪಾಸಾಯಿತು ಎಂದು ನೋಡಬೇಕು.

ಬಡ್ಡಿ ಖರ್ಚು ಬಿದ್ದ ಕೂಡಲೇ ಅದೂ ಬಾಕಿಯ ಭಾಗ. ಜುಲೈ ತಿಂಗಳು ಆರಂಭವಾಗುವುದು 8,00,000ದಿಂದಲ್ಲ, 8,07,386ರಿಂದ. ಬಾಕಿಯನ್ನು ಮಿತಿಯ ಅಂಚಿಗೇ ತಂದಿಟ್ಟುಕೊಳ್ಳುವವರು ಇಲ್ಲಿ ಎಡವುತ್ತಾರೆ. ತಾವು ಒಂದು ರೂಪಾಯಿಯನ್ನೂ ತೆಗೆಯದಿದ್ದರೂ ತಿಂಗಳ ಕೊನೆಯ ಬಡ್ಡಿಯೇ ಖಾತೆಯನ್ನು ಮಿತಿ ದಾಟಿಸುತ್ತದೆ.

ತಿಂಗಳ ನಡುವೆ ದರ ಬದಲಾದರೆ ಆ ದಿನದಲ್ಲಿ ಪಟ್ಟಿಯನ್ನು ಎರಡಾಗಿ ಕತ್ತರಿಸಿ, ಪ್ರತಿ ಭಾಗಕ್ಕೂ ಅದರದೇ ದರ ಹಾಕಬೇಕು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಚರ ಬಡ್ಡಿಯ ಸಾಲಗಳು ರೆಪೊದಂಥ ಹೊರಗಿನ ದರವೊಂದಕ್ಕೆ ಅಂಟಿಕೊಂಡಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆಯಾಗಬೇಕು. ರೆಪೊ ಇಳಿದ ದಿನವೇ ಖಾತೆಯ ದರ ಇಳಿಯಲೇಬೇಕೆಂದೇನಿಲ್ಲ. 2025ರ ಜೂನ್ 6ರಂದು ರಿಸರ್ವ್ ಬ್ಯಾಂಕು ರೆಪೊವನ್ನು ಶೇ. 6.00ರಿಂದ 5.50ಕ್ಕೆ ಇಳಿಸಿತು. ರೆಪೊಗೆ ಅಂಟಿದ ಓ.ಡಿ. ಖಾತೆಯೊಂದರಲ್ಲಿ ಆ ಅರ್ಧ ಶೇಕಡಾ ಇಳಿಕೆ ಪರಿಷ್ಕರಣೆಯ ದಿನದಿಂದ ಕಾಣಬೇಕಿತ್ತು. ಆ ದಿನ ಯಾವುದೆಂದು ಹೇಳುವುದು ಮಂಜೂರಾತಿ ಪತ್ರ.

ಮಿತಿ ದಾಟಿದ ದಿನಗಳು

ಮಿತಿಮೀರಿದ ಡ್ರಾಯಲ್ ಎಂದರೆ ದಿನದ ಕೊನೆಯ ಬಾಕಿ ಆ ದಿನದ ಮಿತಿಯನ್ನು ದಾಟಿದ ಭಾಗ ಮಾತ್ರ. ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡುವವರು ದಿನಕ್ಕೊಂದು ಸಾಲಿನಂತೆ ಬಿ ಕಾಲಮ್ಮಿನಲ್ಲಿ ಬಾಕಿ, ಸಿ ಕಾಲಮ್ಮಿನಲ್ಲಿ ಮಂಜೂರಾದ ಮಿತಿ, ಡಿ ಕಾಲಮ್ಮಿನಲ್ಲಿ ಆ ದಿನದ ಡಿ.ಪಿ. ಇಟ್ಟು, ಇ ಕಾಲಮ್ಮಿನಲ್ಲಿ ಈ ಸೂತ್ರ ಬರೆದರೆ ಪ್ರತಿದಿನದ ಹೆಚ್ಚುವರಿ ಸಿಗುತ್ತದೆ:

```
=MAX(0, B2-MIN(C2,D2))
```

ಈ ಖಾತೆಗೆ, ಮಿತಿ ದಾಟಿದ ಭಾಗದ ಮೇಲೆ ವರ್ಷಕ್ಕೆ ಶೇ. 2ರಂತೆ ದಂಡ ಎಂದು ಮಂಜೂರಾತಿ ಪತ್ರದಲ್ಲಿದೆ ಎಂದುಕೊಳ್ಳೋಣ. ಜೂನ್ 20ರಿಂದ 23ರವರೆಗೆ ಬಾಕಿ 10,00,000. ಮಂಜೂರಾದ ಮಿತಿಯೊಳಗೇ ಇದೆ, ಆದರೆ 9,60,000ದ ಡಿ.ಪಿ.ಯನ್ನು 40,000 ದಾಟಿದೆ. ನಾಲ್ಕು ದಿನಕ್ಕೆ ಪ್ರಾಡಕ್ಟ್ 1,60,000. ದಂಡ 8 ರೂಪಾಯಿ 77 ಪೈಸೆ.

ಸ್ಟೇಟ್‌ಮೆಂಟಿನಲ್ಲಿ ಬ್ಯಾಂಕು ಹಾಕಿರುವುದು 16 ರೂಪಾಯಿ 44 ಪೈಸೆ. ವ್ಯತ್ಯಾಸ 7 ರೂಪಾಯಿ 67 ಪೈಸೆ. ಮೊತ್ತ ಸಣ್ಣದೆಂದು ಬಿಡುವಂತಿಲ್ಲ, ಏಕೆಂದರೆ ಅದರ ಹಿಂದೆ ವ್ಯಾಪಾರಿಗೆ ಗೊತ್ತಿಲ್ಲದ ಇನ್ನೊಂದು ‘ಮಿತಿಮೀರಿದ’ ದಾಖಲೆ ಇದೆ. ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ, 7.67ನ್ನು 36,500ರಿಂದ ಗುಣಿಸಿ 2ರಿಂದ ಭಾಗಿಸಿದರೆ ಸುಮಾರು 1,40,000ದ ಪ್ರಾಡಕ್ಟ್ ಸಿಗುತ್ತದೆ. ಅದು 70,000 ಎರಡು ದಿನ ಇರಬಹುದು, 35,000 ನಾಲ್ಕು ದಿನ ಇರಬಹುದು. ಡಿ.ಪಿ. ಪಟ್ಟಿಯನ್ನು ತೆಗೆದು ನೋಡಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ: ಜೂನ್ 10 ಮತ್ತು 11ರಂದು ಬಾಕಿ 9,10,000 ಇತ್ತು, ಆಗ ಕಂಪ್ಯೂಟರಿನಲ್ಲಿದ್ದದ್ದು 8,40,000ದ ಹಳೆಯ ಡಿ.ಪಿ. ದಾಟಿದ್ದು 70,000, ಎರಡು ದಿನ.

ಸ್ಟಾಕ್ ಸ್ಟೇಟ್‌ಮೆಂಟ್ ಜೂನ್ 7ಕ್ಕೇ ಶಾಖೆ ತಲುಪಿತ್ತು. ಹಾಗಾಗಿ ಈ ಎರಡು ದಿನದ ಹೊಣೆ ಯಾರದೆಂಬ ಪ್ರಶ್ನೆಯನ್ನು ವ್ಯಾಪಾರಿ ಎತ್ತಬಹುದು. ಕೈಯಲ್ಲಿ ದಿನಾಂಕದ ಮುದ್ರೆಯಿರುವ ಸ್ವೀಕೃತಿಯೋ ಇಮೇಲೋ ಇದ್ದರೆ ಮಾತ್ರ ಆ ಪ್ರಶ್ನೆಗೆ ಬೆಲೆ. ಸ್ಟಾಕ್ ಸ್ಟೇಟ್‌ಮೆಂಟನ್ನು ಕೌಂಟರಿನಲ್ಲಿ ಕೊಟ್ಟು ಪ್ರತಿಗೆ ಮುದ್ರೆ ಹಾಕಿಸಿಕೊಳ್ಳದೆ ಬರುವ ಅಭ್ಯಾಸವನ್ನು ಬಿಡಲೇಬೇಕು.

ದಂಡ ಇದಕ್ಕಿಂತ ತೀರಾ ದೊಡ್ಡದಾಗಿದ್ದರೆ ಕಾರಣ ಬೇರೆ. ಅದೇ ನಾಲ್ಕು ದಿನಕ್ಕೆ 219 ರೂಪಾಯಿ 18 ಪೈಸೆ ಹಾಕಿದ್ದರೆ, ಅದು ಇಡೀ ಹತ್ತು ಲಕ್ಷದ ಮೇಲೆ ಶೇ. 2. ಹೀಗಾಗಲು ಎರಡು ದಾರಿಗಳಿವೆ. ಒಂದೋ ದಂಡವನ್ನು ದಾಟಿದ ಭಾಗದ ಬದಲು ಪೂರ್ಣ ಬಾಕಿಯ ಮೇಲೆ ಲೆಕ್ಕ ಹಾಕಿದ್ದಾರೆ. ಇಲ್ಲವೇ ಆ ದಿನಗಳಲ್ಲಿ ಕಂಪ್ಯೂಟರಿನಲ್ಲಿ ಡಿ.ಪಿ. ಸೊನ್ನೆಯಾಗಿತ್ತು. ಖಾತೆಯ ನವೀಕರಣದ ದಿನಾಂಕ ದಾಟಿದರೆ ಅಥವಾ ಸ್ಟಾಕ್ ಸ್ಟೇಟ್‌ಮೆಂಟ್ ಬಾರದೇ ಹೋದರೆ ಮಿತಿ ತಾನಾಗಿ ಸೊನ್ನೆಯಾಗುವುದುಂಟು, ಆಗ ಬಾಕಿಯ ಪ್ರತಿ ರೂಪಾಯಿಯೂ ಮಿತಿಮೀರಿದ್ದೆಂದೇ ದಾಖಲಾಗುತ್ತದೆ. ಮೊದಲನೆಯದು ಷರತ್ತಿನ ತಪ್ಪು ಬಳಕೆ, ಎರಡನೆಯದು ಬಾಕಿ ಉಳಿದ ಕಾಗದಪತ್ರ. ಪರಿಹಾರವೂ ಬೇರೆ ಬೇರೆ, ಆದ್ದರಿಂದ ಕಾರಣ ತಿಳಿಯದೆ ದೂರು ಬರೆಯಬಾರದು.

ದಂಡದ ವಿಷಯದಲ್ಲಿ ನಿಯಮವೂ ಬದಲಾಗಿದೆ. ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ, ಷರತ್ತು ಮೀರಿದ್ದಕ್ಕೆ ಹಾಕುವ ದಂಡವನ್ನು ಬಡ್ಡಿ ದರಕ್ಕೆ ಸೇರಿಸುವ ‘ದಂಡ ಬಡ್ಡಿ’ಯ ರೂಪದಲ್ಲಿ ಹಾಕಬಾರದು, ‘ದಂಡ ಶುಲ್ಕ’ವಾಗಿ ಬೇರೆಯೇ ಹಾಕಬೇಕು ಎಂದಿತು. ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಹಳೆಯ ಸಾಲಗಳು ಅದೇ ವರ್ಷದ ಜೂನ್ 30ರೊಳಗೆ ಈ ಕ್ರಮಕ್ಕೆ ಬರಬೇಕಿತ್ತು. ಸ್ಟೇಟ್‌ಮೆಂಟಿನಲ್ಲಿ ಇದನ್ನು ಪರೀಕ್ಷಿಸುವ ಬಗೆ ಹೀಗೆ: ದಂಡಕ್ಕೆ ಬೇರೆ ಸಾಲು ಇರಬೇಕು, ಬಡ್ಡಿಯ ಸಾಲಿನೊಳಗೆ ಅದು ಕರಗಿರಬಾರದು. ಮುಂದಿನ ತಿಂಗಳ ಪ್ರಾಡಕ್ಟ್ ಕಟ್ಟುವಾಗ ಹಿಂದಿನ ದಂಡದ ಮೊತ್ತವನ್ನು ಬಾಕಿಯಿಂದ ಕಳೆದು ನೋಡಬೇಕು. ಕಳೆಯದೆ ಇದ್ದಾಗ ಮಾತ್ರ ಬ್ಯಾಂಕಿನ ಅಂಕಿಗೆ ಹೊಂದಿದರೆ ದಂಡದ ಮೇಲೆ ಬಡ್ಡಿ ಬಿದ್ದಿದೆ ಎಂದರ್ಥ.

‘ಲಭ್ಯ ಮೊತ್ತ’ ಎಂದು ಮೊಬೈಲ್ ಆ್ಯಪಿನಲ್ಲಿ ಕಾಣುವ ಅಂಕಿಯನ್ನು ಈ ಪರೀಕ್ಷೆಗೆ ಬಳಸಬಾರದು. ಮ್ಯಾನೇಜರು ಕೆಲವು ದಿನಗಳ ಮಟ್ಟಿಗೆ ಒಪ್ಪಿದ ತಾತ್ಕಾಲಿಕ ಹೆಚ್ಚುವರಿಯೂ ಅದರಲ್ಲಿ ಸೇರಿರಬಹುದು, ತಡೆಹಿಡಿದ ಮೊತ್ತ ಅದರಿಂದ ಕಳೆದಿರಬಹುದು.

ತೊಂಬತ್ತು ದಿನದ ಎಣಿಕೆ

ದಾಟಿದ ಮೊತ್ತಕ್ಕಿಂತ ದಾಟಿದ ದಿನಗಳ ಸರಣಿ ಹೆಚ್ಚು ಅಪಾಯದ್ದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಓ.ಡಿ. ಅಥವಾ ಸಿ.ಸಿ. ಖಾತೆಯ ಬಾಕಿ 90 ದಿನ ಸತತವಾಗಿ ಮಿತಿಯನ್ನೋ ಡಿ.ಪಿ.ಯನ್ನೋ ದಾಟಿಯೇ ಇದ್ದರೆ ಖಾತೆ ಹಳಿ ತಪ್ಪಿದ್ದೆಂದು ಲೆಕ್ಕ, ಅದು ಅನುತ್ಪಾದಕ ಸಾಲವಾಗುತ್ತದೆ. ಬಾಕಿ ಮಿತಿಯೊಳಗೇ ಇದ್ದರೂ 90 ದಿನ ಸತತ ಒಂದೂ ಜಮೆ ಇಲ್ಲದಿದ್ದರೆ, ಅಥವಾ ಹಿಂದಿನ 90 ದಿನಗಳಲ್ಲಿ ಬಂದ ಜಮೆಗಳು ಅದೇ ಅವಧಿಯಲ್ಲಿ ಖರ್ಚು ಬಿದ್ದ ಬಡ್ಡಿಯನ್ನು ತೀರಿಸುವಷ್ಟಿಲ್ಲದಿದ್ದರೆ ಅದೂ ಹಾಗೆಯೇ. 2021ರ ನವೆಂಬರ್ 12ರ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿತು. ಸತತ 30 ದಿನ ದಾಟಿದಾಗಲೇ ಬ್ಯಾಂಕು ಖಾತೆಯನ್ನು ಎಚ್ಚರಿಕೆಯ ಮೊದಲ ಪಟ್ಟಿಗೆ, 60 ದಿನ ದಾಟಿದಾಗ ಎರಡನೆಯ ಪಟ್ಟಿಗೆ ಸೇರಿಸುತ್ತದೆ.

ನಮ್ಮ ವ್ಯಾಪಾರಿಗೆ ಜೂನ್‌ನಲ್ಲಿ 3,90,000 ಜಮೆಯಾಗಿದೆ, ಬಡ್ಡಿ 7,386. ಅವನಿಗೆ ಆತಂಕವಿಲ್ಲ. ಸಂಗ್ರಹಿಸಿದ ಮಾಲನ್ನು ಒಳ್ಳೆಯ ಧಾರಣೆಗಾಗಿ ಕಾಯುತ್ತ ಮೂರು ತಿಂಗಳು ಮಾರದೇ ಕೂತವನ ಸ್ಥಿತಿ ಬೇರೆ. ಅವನ ಬಾಕಿ ಮಿತಿಯೊಳಗೇ ಇರುತ್ತದೆ, ದಾಸ್ತಾನು ಭದ್ರವಾಗಿರುತ್ತದೆ, ಆದರೂ ಜಮೆಯ ಕಾಲಮ್ಮು ಖಾಲಿಯಿದ್ದರೆ ಖಾತೆ ಕೆಡುತ್ತದೆ. ಇನ್ನೊಂದು ಬಲೆ ಹಳೆಯ ಸ್ಟಾಕ್ ಸ್ಟೇಟ್‌ಮೆಂಟಿನದು. ಮೂರು ತಿಂಗಳಿಗಿಂತ ಹಳೆಯ ದಾಸ್ತಾನು ಪಟ್ಟಿಯಿಂದ ಕಟ್ಟಿದ ಡಿ.ಪಿ.ಯ ಮೇಲೆ ತೆಗೆದ ಹಣವನ್ನು ಕ್ರಮಬದ್ಧವಲ್ಲದ್ದು ಎಂದು ಪರಿಗಣಿಸಬೇಕಾಗುತ್ತದೆ, ಅದು 90 ದಿನ ಮುಂದುವರಿದರೆ ಫಲ ಒಂದೇ. ಹಾಗಾಗಿ ಪಟ್ಟಿಯಲ್ಲಿ ಮಿತಿ ದಾಟಿದ ಸಾಲುಗಳನ್ನು ಗುರುತಿಸುವಾಗ ಎಷ್ಟು ಎಂಬುದರ ಪಕ್ಕದಲ್ಲೇ ಸತತ ಎಷ್ಟನೆಯ ದಿನ ಎಂಬುದನ್ನೂ ಬರೆಯಬೇಕು.

ತಪ್ಪು ಸಿಕ್ಕಾಗ

ಶಾಖೆಗೆ ಬರೆಯುವ ಪತ್ರದಲ್ಲಿ ‘ಬಡ್ಡಿ ಹೆಚ್ಚಾಗಿದೆ’ ಎಂದಷ್ಟೇ ಹೇಳಿದರೆ ಉತ್ತರವೂ ಅಷ್ಟೇ ಮೊಟಕಾಗಿ ಬರುತ್ತದೆ. ಮೇಲಿನಂಥ ದಿನವಾರು ಪಟ್ಟಿ, ಮಂಜೂರಾತಿ ಪತ್ರದ ಆ ಷರತ್ತು, ಸ್ಟಾಕ್ ಸ್ಟೇಟ್‌ಮೆಂಟಿನ ಸ್ವೀಕೃತಿ ಇವನ್ನು ಲಗತ್ತಿಸಿ, ಯಾವ ದಿನ ಯಾವ ಅಂಕಿ ಬೇರೆಯಾಗಬೇಕಿತ್ತು ಎಂದು ತೋರಿಸಬೇಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಲು ಅವಕಾಶವಿದೆ.

ಬ್ಯಾಂಕು ತಪ್ಪೊಪ್ಪಿ ಹಣ ಹಿಂದಿರುಗಿಸಿದಾಗಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಈ ಖಾತೆಗೆ ಸಿಗಬೇಕಿದ್ದ ಅರ್ಧ ಶೇಕಡಾ ದರ ಇಳಿಕೆಯನ್ನು ಜೂನ್ ಪೂರ್ತಿ ಕೊಟ್ಟಿರಲಿಲ್ಲ ಎಂದುಕೊಂಡರೆ, ಹೆಚ್ಚಾಗಿ ಬಿದ್ದದ್ದು 337 ರೂಪಾಯಿ 26 ಪೈಸೆ. ಇದನ್ನು ಸೆಪ್ಟೆಂಬರ್ 28ರಂದು ಅದೇ ದಿನದ ವ್ಯಾಲ್ಯೂ ಡೇಟ್ ಹಾಕಿ ಜಮೆ ಮಾಡಿದರೆ, ನಡುವಿನ 90 ದಿನ ಆ ಹಣದ ಮೇಲೆ ಬಿದ್ದ ಸುಮಾರು 9 ರೂಪಾಯಿ ಬಡ್ಡಿ ಖಾತೆದಾರನ ತಲೆಯ ಮೇಲೇ ಉಳಿಯುತ್ತದೆ. ತಿದ್ದುಪಡಿಯ ಜಮೆಗೆ ಜೂನ್ 30ರ ವ್ಯಾಲ್ಯೂ ಡೇಟ್ ಇರಬೇಕು, ಇಲ್ಲವೇ ಆ ಬಡ್ಡಿಗೆ ಬೇರೊಂದು ಜಮೆ ಇರಬೇಕು.